ಕೆಲಸಕ್ಕೆ ಹೋದಾಗ ಬೆಕ್ಕು ಹಾಸಿಗೆ ಮೇಲೆ ಉಚ್ಚೆ ಹೊಯ್ಯುತ್ತಿದೆಯಾ? ಕಾರಣ ಹುಡುಕುವ ದಾರಿ

ತೋಟದ ಮನೆಯಲ್ಲಿ ಬೆಕ್ಕು ಒಂಟಿಯಾಗುವುದು ಅಪರೂಪ. ಅಡುಗೆಮನೆಯಲ್ಲಿ ಯಾರಾದರೂ ಇರುತ್ತಾರೆ, ಕಣದಲ್ಲಿ ಕಾಫಿ ಹರಡುತ್ತಿರುತ್ತಾರೆ, ಬೆಕ್ಕು ತನ್ನ ಪಾಡಿಗೆ ಒಳಗೂ ಹೊರಗೂ ಓಡಾಡುತ್ತದೆ. ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪಲಿನ ಬಾಡಿಗೆ ಮನೆಗಳಲ್ಲಿ ಹಾಗಲ್ಲ. ಬೆಳಿಗ್ಗೆ ಎಂಟೂವರೆಗೆ ಬೀಗ ಹಾಕಿದರೆ ತೆಗೆಯುವುದು ಸಂಜೆ ಏಳಕ್ಕೆ. ಬೀದಿನಾಯಿ, ಗಾಡಿ, ಮಳೆ ಅಂತ ಬೆಕ್ಕನ್ನು ಒಳಗೇ ಇಟ್ಟಿರುತ್ತಾರೆ. ಇಂಥ ಮನೆಗಳಿಂದ ನನ್ನ ಕಿವಿಗೆ ಜಾಸ್ತಿ ಬೀಳುವ ದೂರು ಇದು: "ನಾವು ಹೋದ ಮೇಲೆ ಹಾಸಿಗೆ ಮೇಲೆ ಉಚ್ಚೆ ಹೊಯ್ಯುತ್ತದೆ. ಹಟಕ್ಕೆ ಮಾಡುತ್ತದೆ."

ಹಟಕ್ಕೆ ಮಾಡುವುದಿಲ್ಲ. ಒಂದೋ ಮೂತ್ರದ ಕಾಯಿಲೆ, ಇಲ್ಲವೇ ಬೆಕ್ಕು ಉಚ್ಚೆ ಹೊಯ್ಯಲು ಮರಳು ತುಂಬಿಟ್ಟ ಟ್ರೇ ಸರಿಯಿಲ್ಲ, ಇಲ್ಲವೇ ದಿನವಿಡೀ ಒಂಟಿಯಾಗಿರುವ ಆತಂಕ. ಮೂರರಲ್ಲೂ ನಿಮ್ಮ ಕಣ್ಣಿಗೆ ಬೀಳುವುದು ಅದೇ ಒದ್ದೆ ಹಾಸಿಗೆ. ಮೂರನೆಯದು ಇಲ್ಲ ಅಂತಲ್ಲ. ಬ್ರೆಜಿಲಿನಲ್ಲಿ ಬೆಕ್ಕು ಸಾಕುವವರನ್ನು ಕೇಳಿ ಮಾಡಿದ, 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 223 ಬೆಕ್ಕುಗಳ ಪೈಕಿ 30ಕ್ಕೆ ಇಂಥ ಲಕ್ಷಣಗಳಿದ್ದವು. ಆಟದ ಸಾಮಾನು ಇಲ್ಲದ, ಬೇರೆ ಪ್ರಾಣಿ ಇಲ್ಲದ ಮನೆಗಳಲ್ಲಿ ಜಾಸ್ತಿ. ಆದರೆ ಮೊದಲ ಎರಡು ಕಾರಣಗಳನ್ನು ತಳ್ಳಿಹಾಕದೆ ಮೂರನೆಯದಕ್ಕೆ ಕೈ ಹಾಕಿದರೆ ಸಮಯವೂ ದಂಡ, ಬೆಕ್ಕಿಗೂ ಹಿಂಸೆ.

## ಮುಂದೆ ಓದುವ ಮೊದಲು: ಇವು ಕಂಡರೆ ನೇರ ವೈದ್ಯರ ಬಳಿಗೆ

ಬೆಕ್ಕು ಪದೇ ಪದೇ ಟ್ರೇಗೆ ಹೋಗಿ ಕೂತು ತಿಣುಕುತ್ತದೆ, ಬರುವುದು ಒಂದೆರಡು ಹನಿ ಅಥವಾ ಏನೂ ಇಲ್ಲ. ಕೂಗುತ್ತದೆ, ಹಿಂಭಾಗ ನೆಕ್ಕುತ್ತಲೇ ಇರುತ್ತದೆ, ಹೊಟ್ಟೆ ಮುಟ್ಟಲು ಬಿಡುವುದಿಲ್ಲ, ವಾಂತಿ ಮಾಡುತ್ತದೆ. ಗಂಡು ಬೆಕ್ಕಿನಲ್ಲಿ ಇದು ಮೂತ್ರನಾಳ ಕಟ್ಟಿಕೊಂಡ ಲಕ್ಷಣ. ಒಂದೆರಡು ದಿನದಲ್ಲಿ ಜೀವ ಹೋಗಬಹುದು. ರಾತ್ರಿಯಾಗಿದ್ದರೂ ಬೆಳಿಗ್ಗೆವರೆಗೆ ಕಾಯಬೇಡಿ. ಮಳೆಗಾಲದಲ್ಲಿ ರಸ್ತೆ ಬಂದ್ ಆಗುವ ಕಡೆ ಇರುವವರು, ಹತ್ತಿರದಲ್ಲಿ ಬೆಕ್ಕು ನೋಡುವ ವೈದ್ಯರು ಯಾರು, ರಾತ್ರಿ ಯಾರಿಗೆ ಫೋನ್ ಮಾಡಬೇಕು ಅಂತ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ.

ಉಚ್ಚೆಯಲ್ಲಿ ರಕ್ತ ಕಂಡರೆ, ಅಥವಾ ದೊಡ್ಡ ಬೆಕ್ಕು ಒಂದು ಇಡೀ ದಿನ ಏನೂ ತಿನ್ನದಿದ್ದರೆ ಅವತ್ತೇ ತೋರಿಸಿ. ದಪ್ಪಗಿರುವ ಬೆಕ್ಕು ಊಟ ಬಿಟ್ಟರೆ ಯಕೃತ್ತಿಗೆ ಕೊಬ್ಬು ತುಂಬಿಕೊಳ್ಳುವ ಅಪಾಯವಿದೆ. ಮರಿಯಾದರೆ ಒಂದು ದಿನವೂ ಕಾಯುವ ಹಾಗಿಲ್ಲ.

ಯಾವ ಕಾರಣಕ್ಕೂ ಮನೆಯಲ್ಲಿರುವ ಜ್ವರದ ಮಾತ್ರೆ, ನಿದ್ದೆ ಮಾತ್ರೆ ಕೊಡಬೇಡಿ. ಪ್ಯಾರಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.

## ಲಕ್ಷಣ: ಹಾಸಿಗೆ ಅಥವಾ ಬಟ್ಟೆ ರಾಶಿ ಮೇಲೆ ಉಚ್ಚೆ

ಮೊದಲು ಉಚ್ಚೆ ಎಲ್ಲಿ, ಎಷ್ಟು ಬಿದ್ದಿದೆ ನೋಡಿ. ಗೋಡೆ, ಸೋಫಾದ ಬೆನ್ನು, ಬಾಗಿಲ ಚೌಕಟ್ಟಿನ ಮೇಲೆ ಸಿಡಿದು ಕೆಳಗೆ ಇಳಿದಿದ್ದರೆ ಅದು ಗುರುತು ಹಾಕುವ ಚಾಳಿ. ಬೆಕ್ಕು ನಿಂತುಕೊಂಡೇ ಬಾಲ ಎತ್ತಿ ನಡುಗಿಸಿ ಚಿಮ್ಮಿಸುತ್ತದೆ. ಸಂತಾನಹರಣದ ಆಪರೇಷನ್ ಆಗದ ಗಂಡು ಬೆಕ್ಕಾದರೆ ಮೊದಲ ಉಪಾಯ ಆಪರೇಷನ್ನೇ. ಅಲ್ಲಲ್ಲಿ ಸಣ್ಣ ಸಣ್ಣ ಕಲೆಗಳಾದರೆ ಮೂತ್ರಕೋಶದ ಉರಿಯೂತವಿರಬಹುದು, ವೈದ್ಯರಿಗೆ ತೋರಿಸಬೇಕು. ಒಂದೇ ಕಡೆ, ದೊಡ್ಡದಾಗಿ, ನೀವು ಮಲಗುವ ಜಾಗದಲ್ಲೇ ಇದ್ದರೆ ಆತಂಕದ ಅನುಮಾನ ಜಾಸ್ತಿ. ನಿಮ್ಮ ಮೈವಾಸನೆ ಎಲ್ಲಕ್ಕಿಂತ ಗಾಢವಾಗಿರುವ ಜಾಗ ಅದು. ಆದರೂ ಇದು ಅನುಮಾನವೇ ಹೊರತು ಸಾಕ್ಷಿಯಲ್ಲ. ಮಳೆಗಾಲದಲ್ಲಿ ಮನೆಯೊಳಗೆ ಮೆತ್ತಗೆ ಒಣಗಿ ಇರುವ ಜಾಗವೂ ಹಾಸಿಗೆಯೊಂದೇ ಅಲ್ವಾ?

ಮಡಿಕೇರಿಯ ಬ್ಯಾಂಕ್ ಉದ್ಯೋಗಿಯೊಬ್ಬರ ಮನೆಯಲ್ಲಿ ನಡೆದದ್ದನ್ನು ಪೂರ್ತಿ ಹೇಳುತ್ತೇನೆ. ಅದರಲ್ಲಿ ಎರಡು ಕಾರಣಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು.

ಬೆಕ್ಕಿನ ಹೆಸರು ಕೆಂಚ. ಸುಮಾರು ಮೂರು ವರ್ಷದ ಗಂಡು, ಆಪರೇಷನ್ ಆಗಿದೆ. ಕೆಲವು ತಿಂಗಳು ಜೊತೆಗಿದ್ದ ಅಮ್ಮ ಕಕ್ಕಡ ಮುಗಿಸಿ ಊರಿಗೆ ಹೋದರು. ಅದೇ ವಾರ ಹಾಸಿಗೆ ಒದ್ದೆಯಾಗಲು ಶುರುವಾಯಿತು. "ಅಮ್ಮನನ್ನು ನೆನೆಸಿಕೊಂಡು ಹೀಗಾಡ್ತಿದ್ದಾನೆ" ಅಂತ ಅವರಿಗೆ ಅನಿಸಿತು. ಮೊದಲು ಉಚ್ಚೆ ಪರೀಕ್ಷೆ ಮಾಡಿಸಲು ಹೇಳಿದೆ. ರಕ್ತವಿಲ್ಲ, ಹರಳಿಲ್ಲ, ಸೋಂಕಿಲ್ಲ ಅಂತ ಬಂತು. ಆಮೇಲೆ ಟ್ರೇ ನೋಡಿದೆವು.

## ಮೊದಲ ತಪಾಸಣೆ, ಅಗ್ಗದ್ದು: ಟ್ರೇ

ಕೆಂಚನ ಟ್ರೇ ಹಿಂಬದಿಯ ವರಾಂಡದಲ್ಲಿತ್ತು. ಅಮ್ಮ ಇದ್ದಾಗ ಮಧ್ಯಾಹ್ನ ಒಮ್ಮೆ ಗಡ್ಡೆ ತೆಗೆದು, ಒದ್ದೆಯಾದ ಮರಳು ಬದಲಿಸುತ್ತಿದ್ದರು. ಅವರು ಹೋದ ಮೇಲೆ ಆ ಕೆಲಸವೂ ನಿಂತಿತು. ಗಾಳಿ ಬೀಸಿದಾಗೆಲ್ಲ ಎರಚಲು ಹೊಡೆದು ಮರಳು ಹಸಿಯಾಗುತ್ತಿತ್ತು. ಬೆಳಿಗ್ಗೆ ಒಮ್ಮೆ ಬಳಸಿದ ಹಸಿ ಟ್ರೇಗೆ ಹೋಗಲು ಕೆಂಚನಿಗೆ ಮನಸ್ಸಿಲ್ಲ. ಅಮ್ಮನ ಜೊತೆಗೆ ಒಣ ಟ್ರೇ ಕೂಡ ಹೋಗಿತ್ತು.

ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶುರುವಾದ ದೂರಾದರೆ ನಾನು ಮೊದಲು ಮಳೆಯನ್ನೇ ಅನುಮಾನಿಸುತ್ತೇನೆ. ಬೇಸಿಗೆಯಿಡೀ ಹಿತ್ತಲಿನ ಮಣ್ಣು ಕೆದರಿ ಕೆಲಸ ಮುಗಿಸುತ್ತಿದ್ದ ಬೆಕ್ಕಿಗೆ ಈಗ ಹೊರಗೆ ಕಾಲಿಡಲು ಜಾಗವಿಲ್ಲ. ಮಳೆ, ಕೆಸರು, ಜಿಗಣೆ. ಒಳಗೆ ಟ್ರೇ ಇಲ್ಲದಿದ್ದರೆ ಹಾಸಿಗೆಯೇ ಗತಿ.

ಹೀಗೆ ಮಾಡಿ. ಟ್ರೇಯನ್ನು ಮನೆಯೊಳಗೆ, ಎರಚಲು ಬೀಳದ, ವಾಷಿಂಗ್ ಮೆಷಿನ್ ಸದ್ದಿಲ್ಲದ ಮೂಲೆಯಲ್ಲಿ ಇಡಿ. ಊಟದ ತಟ್ಟೆಯಿಂದ ದೂರ ಇರಲಿ. ಒಂದು ಬೆಕ್ಕಿಗೆ ಎರಡು ಟ್ರೇ, ಬೇರೆ ಬೇರೆ ಜಾಗದಲ್ಲಿ. ಹತ್ತು ಗಂಟೆ ಯಾರೂ ಶುಚಿ ಮಾಡದ ಮನೆಯಲ್ಲಿ ಎರಡನೇ ಟ್ರೇ ಇಲ್ಲದೆ ಆಗುವುದಿಲ್ಲ. ಮೂಗಿನಿಂದ ಬಾಲದ ಬುಡದವರೆಗೆ ಬೆಕ್ಕಿನ ಉದ್ದ ಅಳೆದು, ಅದರ ಒಂದೂವರೆ ಪಟ್ಟು ಉದ್ದದ ಟಬ್ ತೆಗೆದುಕೊಳ್ಳಿ. ಅಂಗಡಿಯಲ್ಲಿ ಬೆಕ್ಕಿನ ಟ್ರೇ ಅಂತ ಮಾರುವ ಎಷ್ಟೋ ಇದಕ್ಕಿಂತ ಚಿಕ್ಕವು. ಬಟ್ಟೆ ನೆನೆಸುವ ಅಗಲದ ಪ್ಲಾಸ್ಟಿಕ್ ಟಬ್ ಚೆನ್ನಾಗಿ ಆಗುತ್ತದೆ. ವಾಸನೆ ಬೆರೆಸದ ಸಣ್ಣ ಕಣದ ಮರಳು ಸುಮಾರು ಎರಡು ಇಂಚು ಹಾಕಿ. ಹೊಳೆಮರಳು ಬಳಸುವವರು ಜರಡಿ ಹಿಡಿದು, ಬಚ್ಚಲ ಒಲೆಯ ಪಕ್ಕ ಒಣಗಿಸಿ, ಮುಚ್ಚಳದ ಡ್ರಮ್ಮಿನಲ್ಲಿ ತುಂಬಿಟ್ಟುಕೊಳ್ಳಬಹುದು. ಸುಲಭಕ್ಕೆ ಸಿಗುತ್ತದೆ ಅಂತ ಕಾಫಿ ಹೊಟ್ಟು ಮಾತ್ರ ಹಾಕಬೇಡಿ. ಅದರಲ್ಲಿ ಕೆಫೀನ್ ಇರುತ್ತದೆ, ಪಾದಕ್ಕೆ ಅಂಟಿದ್ದನ್ನೆಲ್ಲ ಬೆಕ್ಕು ನೆಕ್ಕಿಕೊಳ್ಳುತ್ತದೆ.

ಹಾಸಿಗೆಯ ವಾಸನೆ ಹೋಗದಿದ್ದರೆ ಬೆಕ್ಕು ಅಲ್ಲಿಗೇ ಬರುತ್ತದೆ. ಒಣ ಬಟ್ಟೆ ಒತ್ತಿ ಹೀರಿಸಿ, ಬಟ್ಟೆ ಒಗೆಯುವ ಪುಡಿ ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ಒರೆಸಿ, ಬರೀ ನೀರಿನಲ್ಲಿ ಮತ್ತೆ ಒರೆಸಿ. ಎಂಜೈಮ್ ಇರುವ ಕ್ಲೀನರ್ ಸಿಕ್ಕರೆ ಇನ್ನೂ ಒಳ್ಳೆಯದು. ಫಿನಾಯಿಲ್ ಬೇಡವೇ ಬೇಡ. ನೆಲಕ್ಕೂ ಬೇಡ. ಅದರಲ್ಲಿರುವ ರಾಸಾಯನಿಕಗಳನ್ನು ಬೆಕ್ಕಿನ ಯಕೃತ್ತು ಅರಗಿಸಿಕೊಳ್ಳಲಾರದು. ಉಚ್ಚೆಯ ಮೇಲೆ ಬ್ಲೀಚ್ ಸುರಿದರೆ ಏಳುವ ಹೊಗೆ ನಿಮಗೂ ಕೆಟ್ಟದ್ದು. ಮಳೆಯಲ್ಲಿ ಹಾಸಿಗೆ ಒಣಗುವುದಿಲ್ಲವಾದ್ದರಿಂದ ಮೇಲೊಂದು ಪ್ಲಾಸ್ಟಿಕ್ ಹಾಳೆ ಹಾಸಿ ಹೋಗಿ. ಮಲಗುವ ಕೋಣೆಗೆ ಚಿಲಕ ಹಾಕಿದರೆ ಹಾಸಿಗೆ ಉಳಿಯುತ್ತದೆ ನಿಜ, ಆದರೆ ಬೆಕ್ಕಿಗೆ ನಿಮ್ಮ ವಾಸನೆಯ ಜಾಗವೂ ತಪ್ಪುತ್ತದೆ, ದೋಷ ಎಲ್ಲಿದೆ ಅಂತ ನಿಮಗೂ ಗೊತ್ತಾಗುವುದಿಲ್ಲ.

ಎರಡು ವಾರ ಕೊಟ್ಟು ನೋಡಿ. ಪೂರ್ತಿ ನಿಂತರೆ ಆತಂಕದ ಮಾತೇ ಇಲ್ಲ. ಕೆಂಚನ ಮನೆಯಲ್ಲಿ ಅರ್ಧ ನಿಂತಿತು. ಮಾಮೂಲಿ ದಿನಗಳಲ್ಲಿ ಹಾಸಿಗೆ ಒಣಗಿಯೇ ಇರುತ್ತಿತ್ತು. ತಿಂಗಳ ಕೊನೆಯಲ್ಲಿ ಅವರು ರಾತ್ರಿ ಎಂಟು ಒಂಬತ್ತಕ್ಕೆ ಬಂದ ದಿನಗಳಲ್ಲಿ ಮಾತ್ರ ಮತ್ತೆ ಒದ್ದೆ. ಟ್ರೇ ಅಷ್ಟೊಂದು ಚೊಕ್ಕಟವಾಗಿದ್ದರೂ.

## ಎರಡನೇ ತಪಾಸಣೆ: ನೀವಿಲ್ಲದಾಗ ಏನಾಗುತ್ತದೆ

ಹಳೆಯ ಫೋನೊಂದನ್ನು ಪವರ್ ಬ್ಯಾಂಕಿಗೆ ಸಿಕ್ಕಿಸಿ ಹಾಸಿಗೆ, ಟ್ರೇ, ಬಾಗಿಲು ಕಾಣುವ ಹಾಗೆ ಇಟ್ಟು ವಿಡಿಯೊ ಮಾಡಿ. ವೈಫೈ ಕ್ಯಾಮೆರಾ ಇದ್ದರೆ ಒಳ್ಳೆಯದೇ, ಆದರೆ ನಮ್ಮ ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೇ ಹೋಗುತ್ತವೆ. ಫೋನಿನ ಮೆಮೊರಿಯಲ್ಲೇ ಉಳಿಯುವುದು ಮೇಲು. ಮೆಮೊರಿ ಸಾಲದಿದ್ದರೆ ಗುಣಮಟ್ಟ ಕಡಿಮೆ ಮಾಡಿ, ಚಿತ್ರ ಸ್ವಲ್ಪ ಮಸುಕಾದರೂ ಪರವಾಗಿಲ್ಲ. ನೀವು ಮನೆಯಲ್ಲಿರುವ ರಜೆಯ ದಿನವೂ ಒಮ್ಮೆ ಮಾಡಿ. ಹೋಲಿಸಿ ನೋಡಲು ಅದು ಬೇಕು.

ಬೆಕ್ಕು ಬಾಗಿಲ ಬಳಿ ಕೂತು ಕೂಗಿ, ಸ್ವಲ್ಪ ಹೊತ್ತಿನ ಮೇಲೆ ಹೋಗಿ ಮಲಗಿದರೆ ಅದು ಬೇಸರ, ಕಾಯಿಲೆಯಲ್ಲ. ಬೆಕ್ಕು ಹಗಲಿನ ಬಹುಪಾಲು ನಿದ್ದೆಯಲ್ಲೇ ಕಳೆಯುತ್ತದೆ. ನೋಡಬೇಕಾದದ್ದು ನಿದ್ದೆ ಬರದ ಬೆಕ್ಕನ್ನು. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ಓಡಾಟ, ನಿಲ್ಲದ ಕೂಗು, ಬಾಗಿಲು ಕೆರೆಯುವುದು, ಇಟ್ಟ ಊಟ ಮುಟ್ಟದೆ ನೀವು ಬಂದ ಮೇಲೆ ಗಬಗಬನೆ ತಿನ್ನುವುದು. ಇವು ನೀವಿದ್ದ ದಿನ ಇಲ್ಲದೆ ಹೋದ ದಿನ ಮಾತ್ರ ಕಂಡರೆ ಒಂಟಿತನದ ಆತಂಕ ಅಂತ ಹೇಳಬಹುದು. ನೀವು ಮನೆಯಲ್ಲಿದ್ದಾಗಲೂ ನೆರಳಿನ ಹಾಗೆ ಹಿಂದೆ ಹಿಂದೆ ಬರುವುದು, ಬಚ್ಚಲ ಬಾಗಿಲು ಹಾಕಿದರೂ ಹೊರಗೆ ಕೂತು ಕೂಗುವುದು ಇದ್ದರೆ ಅನುಮಾನ ಇನ್ನಷ್ಟು ಗಟ್ಟಿ. ತಾಯಿಯಿಂದ ಬೇಗ ಬೇರೆಯಾಗಿ, ಬಾಟಲಿ ಹಾಲಿನಲ್ಲಿ ಬೆಳೆದ ಮರಿಗಳಲ್ಲಿ ಇದನ್ನು ಹೆಚ್ಚಾಗಿ ಕಾಣುತ್ತೇವೆ.

ಕೆಂಚನ ವಿಡಿಯೊ ಹೀಗಿತ್ತು. ಅವರು ಹೋದ ಮೇಲೆ ಹತ್ತು ನಿಮಿಷ ಬಾಗಿಲ ಬಳಿ ಕೂಗು. ಆಮೇಲೆ ಕುರ್ಚಿ ಮೇಲೆ ಗಾಢ ನಿದ್ದೆ. ಮಧ್ಯಾಹ್ನ ಎದ್ದು ಟ್ರೇ ಬಳಸಿದ. ಐದು ಗಂಟೆ ಹೊತ್ತಿಗೆ ಎದ್ದವನು ಮತ್ತೆ ಮಲಗಲಿಲ್ಲ. ಬಾಗಿಲು, ಕಿಟಕಿ, ಬಾಗಿಲು. ಏಳು ದಾಟಿತು, ಕತ್ತಲಾಯಿತು, ಕೂಗು ಜೋರಾಯಿತು. ಹಾಸಿಗೆ ಹತ್ತಿ, ತಲೆದಿಂಬು ಮೂಸಿ, ಅದರ ಪಕ್ಕದಲ್ಲೇ ಕೂತು ತುಂಬಾ ಉಚ್ಚೆ ಹೊಯ್ದ. ತಿಣುಕಲಿಲ್ಲ. ಒಣ ಟ್ರೇ ನಾಲ್ಕು ಹೆಜ್ಜೆ ದೂರದಲ್ಲೇ ಇತ್ತು.

ಇದರಿಂದ ಒಂದು ಮುಖ್ಯ ವಿಷಯ ತಿಳಿಯಿತು. ಎಂಟು ಗಂಟೆ ಕಾಲ ಕೆಂಚ ಒಂಟಿತನ ತಡೆದುಕೊಳ್ಳುತ್ತಾನೆ. ಕೈಕೊಡುವುದು ಕೊನೆಯ ಭಾಗ. ಬೆಳಿಗ್ಗೆ ಎಂಟಕ್ಕೆ ಹಾಕಿದ ಊಟ ಒಂಬತ್ತಕ್ಕೇ ಖಾಲಿ, ಮುಂದೆ ಹತ್ತು ಹನ್ನೆರಡು ಗಂಟೆ ಹೊಟ್ಟೆಗೆ ಏನಿಲ್ಲ, ಮಾಡಲು ಕೆಲಸವಿಲ್ಲ, ದೀಪವೂ ಇಲ್ಲ. ಸರಿಪಡಿಸಬೇಕಾದದ್ದು ಸಂಜೆಯನ್ನು.

## ಸರಿಪಡಿಸುವುದು: ದಿನವನ್ನು ತುಂಡು ಮಾಡಿ

ದಿನದ ಊಟ ಅಷ್ಟೇ ಇರಲಿ, ಒಂದೇ ಸಲ ಹಾಕಬೇಡಿ. ಕೆಂಚನಿಗೆ ಒಂದು ಪಾಲು ಬೆಳಿಗ್ಗೆ ಹಾಕಿ, ಇನ್ನೊಂದು ಪಾಲು ಬೆಕ್ಕಿನ ಒಣ ಆಹಾರದ ಕಾಳನ್ನು ಮನೆಯಲ್ಲಿ ಮೂರ್ನಾಲ್ಕು ಕಡೆ ಅಡಗಿಸಿಟ್ಟರು. ರಟ್ಟಿನ ಡಬ್ಬಕ್ಕೆ ಬೆಕ್ಕಿನ ಪಂಜ ತೂರುವಷ್ಟು ತೂತು ಕೊರೆದು ಒಳಗೆ ಕಾಳು ಹಾಕಿದರೆ, ಕೈ ಹಾಕಿ ಎಳೆದು ತಿನ್ನಬೇಕು. ಮೊದಲ ದಿನ ತೂತು ದೊಡ್ಡದಿರಲಿ. ಸಿಗದಿದ್ದರೆ ಬೆಕ್ಕು ಕೈಬಿಡುತ್ತದೆ.

ಬೆಳಿಗ್ಗೆ ಹೊರಡುವ ಮುಂಚೆ ಹತ್ತು ಹದಿನೈದು ನಿಮಿಷ ಆಡಿಸಿ. ಕೋಲಿನ ತುದಿಗೆ ಬಟ್ಟೆ ಚೂರು ಕಟ್ಟಿ, ನೆಲದ ಮೇಲೆ ಇಲಿ ಓಡಿದ ಹಾಗೆ ಎಳೆಯಿರಿ, ಕುರ್ಚಿ ಹಿಂದೆ ಮರೆಯಾಗಿಸಿ, ಕೊನೆಗೆ ಹಿಡಿಯಲು ಬಿಡಿ. ಆಟ ಮುಗಿದ ತಕ್ಷಣ ಊಟ. ಬೇಟೆ, ಊಟ, ಮೈ ನೆಕ್ಕಿಕೊಳ್ಳುವುದು, ನಿದ್ದೆ, ಇದು ಬೆಕ್ಕಿನ ಸಹಜ ಸರಣಿ. ನೀವು ಬಾಗಿಲು ಹಾಕುವ ಹೊತ್ತಿಗೆ ಅದು ನಿದ್ದೆಯ ಕಡೆಗೆ ವಾಲಿರುತ್ತದೆ. ಆಟವಾದ ಮೇಲೆ ದಾರ, ರಬ್ಬರ್ ಬ್ಯಾಂಡ್, ಉಲ್ಲನ್ ಎತ್ತಿಡಿ. ಯಾರೂ ಇಲ್ಲದಾಗ ನುಂಗಿದರೆ ಕರುಳು ಕತ್ತರಿಸಬಹುದು.

ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಪಕ್ಕದ ಮನೆಯ ಅಕ್ಕ. ತಡವಾಗುವ ದಿನಗಳಲ್ಲಿ ಐದು ಗಂಟೆಗೆ ಬಂದು, ದೀಪ ಹಾಕಿ, ಟ್ರೇ ಒಮ್ಮೆ ಗೋರಿ, ಒಂದು ಪಾಲು ಊಟ ಹಾಕಿ, ಹತ್ತು ನಿಮಿಷ ಸುಮ್ನೆ ಕೂತು ಹೋಗುತ್ತಾರೆ. ಹನ್ನೆರಡು ಗಂಟೆಯ ಒಂಟಿತನ ಎಂಟು ಮತ್ತು ನಾಲ್ಕಾಗಿ ಒಡೆಯಿತು. ದುಡ್ಡು ಕೊಟ್ಟು ತರುವ ಯಾವ ಸಾಮಾನಿಗಿಂತಲೂ ಮೊದಲು ಇಂಥ ಒಬ್ಬರನ್ನು ಹುಡುಕಿ ಅಂತಲೇ ನಾನು ಹೇಳುತ್ತೇನೆ. ಶುರುವಿನಲ್ಲಿ ನೀವಿದ್ದಾಗಲೇ ಅವರು ಎರಡು ಮೂರು ಸಲ ಬಂದು ಹೋಗಲಿ, ಬೆಕ್ಕಿಗೆ ಅವರ ಪರಿಚಯವಾಗಲಿ.

ಹೊರಡುವ ಗಡಿಬಿಡಿಯನ್ನೂ ಸರಿಮಾಡಬೇಕು. ಬೀಗದ ಕೈ ಸದ್ದು, ರೈನ್‌ಕೋಟಿನ ಸರಪರ, ಇವನ್ನು ಕೇಳಿದೊಡನೆ ಕೆಂಚ ಕಾಲಿಗೆ ಸುತ್ತಿಕೊಳ್ಳುತ್ತಿದ್ದ. ರಜೆಯ ದಿನ ರೈನ್‌ಕೋಟ್ ಹಾಕಿಕೊಂಡು ಕಾಫಿ ಕುಡಿಯಿರಿ. ಬೀಗದ ಕೈ ಹಿಡಿದು ಟಿವಿ ನೋಡಿ. ಆ ಸದ್ದಿಗೂ ನೀವು ಹೋಗುವುದಕ್ಕೂ ಇರುವ ನಂಟು ಸಡಿಲವಾಗುತ್ತದೆ. ಆಮೇಲೆ ಹೊರಗೆ ಹೋಗಿ ಒಂದು ನಿಮಿಷಕ್ಕೆ ವಾಪಸ್, ಐದು ನಿಮಿಷಕ್ಕೆ, ಇಪ್ಪತ್ತಕ್ಕೆ. ಬೆಕ್ಕು ಕೂಗಲು ಶುರುಮಾಡಿದರೆ ಸಮಯ ಜಾಸ್ತಿ ಆಯಿತು ಅಂತ ಅರ್ಥ, ಒಂದು ಹೆಜ್ಜೆ ಹಿಂದೆ ಬನ್ನಿ. ಹೋಗುವಾಗ ಮುದ್ದಾಡಿ ಬೀಳ್ಕೊಡಬೇಡಿ. ಬಂದಾಗ ಸಮಾಧಾನವಾಗಿ ಒಳಗೆ ಬನ್ನಿ. ಹಿಂದಿನ ದಿನ ಉಟ್ಟ, ಒಗೆಯದ ಅಂಗಿಯೊಂದು ಅದು ಮಲಗುವ ಕುರ್ಚಿಯಲ್ಲಿರಲಿ.

ಹಾಸಿಗೆ ಒದ್ದೆ ಕಂಡಾಗ ಬೈಯುವುದು, ಮೂಗು ತಿಕ್ಕುವುದು ಮಾಡಿದರೆ ಬೆಕ್ಕು ಕಲಿಯುವುದು ಒಂದೇ: ನೀವು ಮನೆಗೆ ಬರುವುದೂ ಭಯದ ಸಂಗತಿ. ಆತಂಕ ಇಮ್ಮಡಿಯಾಗುತ್ತದೆ.

ಕೆಂಚನಲ್ಲಿ ವ್ಯತ್ಯಾಸ ಕಾಣಲು ಸುಮಾರು ಒಂದೂವರೆ ತಿಂಗಳು ಬೇಕಾಯಿತು. ಈಗಲೂ ಪಕ್ಕದ ಮನೆಯವರು ಊರಲ್ಲಿಲ್ಲದ ತಿಂಗಳ ಕೊನೆಯಲ್ಲಿ ಅಪರೂಪಕ್ಕೊಮ್ಮೆ ಆಗುತ್ತದೆ. ಪ್ಲಾಸ್ಟಿಕ್ ಹಾಳೆ ಇನ್ನೂ ಎತ್ತಿಟ್ಟಿಲ್ಲ.

## ಲಕ್ಷಣ: ದಿನವಿಡೀ ಕೂಗುತ್ತದೆ ಅಂತ ಅಕ್ಕಪಕ್ಕದವರ ದೂರು

ನೀವು ಮನೆಯಲ್ಲಿದ್ದಾಗ, ರಾತ್ರಿಯಲ್ಲಿ ಕೂಡ ಕೂಗುತ್ತದೆಯೇ ನೋಡಿ. ಕೂಗಿದರೆ ಕಾರಣ ಒಂಟಿತನವಲ್ಲದೆ ಬೇರೆಯೂ ಇರಬಹುದು. ಆಪರೇಷನ್ ಆಗದ ಹೆಣ್ಣು ಬೆದೆಗೆ ಬಂದಿರಬಹುದು. ಹತ್ತು ವರ್ಷ ದಾಟಿದ ಬೆಕ್ಕು ಹೊಸದಾಗಿ ಕೂಗಲು ಶುರುಮಾಡಿ, ಚೆನ್ನಾಗಿ ತಿಂದರೂ ಸೊರಗುತ್ತಿದ್ದರೆ ಥೈರಾಯ್ಡ್ ಮತ್ತು ರಕ್ತದೊತ್ತಡ ಪರೀಕ್ಷೆ ಆಗಬೇಕು.

## ಲಕ್ಷಣ: ಹೊಟ್ಟೆ, ತೊಡೆಯ ಒಳಭಾಗ ಬೋಳಾಗುವಷ್ಟು ನೆಕ್ಕುವುದು

ಆತಂಕದಿಂದ ಹೀಗೆ ಮಾಡುವುದುಂಟು. ಆದರೆ ಹಾಗಂದುಕೊಂಡ ಬೆಕ್ಕುಗಳಲ್ಲಿ ಬಹುಪಾಲಿಗೆ ಕೊನೆಗೆ ಸಿಗುವುದು ಚರ್ಮದ ಕಾಯಿಲೆ. ಚಿಗಟ, ಅಲರ್ಜಿ, ನಮ್ಮ ತೇವದ ಹವೆಯಲ್ಲಿ ಹುಳುಕಡ್ಡಿ. ಹುಳುಕಡ್ಡಿ ಮನೆಮಂದಿಗೂ ಹಬ್ಬುತ್ತದೆ, ಆದ್ದರಿಂದ ಚರ್ಮವನ್ನು ಮೊದಲು ತೋರಿಸಿ. ತೋಟದ ನಾಯಿಗೆ ತಂದ ಉಣ್ಣೆ ಔಷಧಿಯನ್ನು ಬೆಕ್ಕಿಗೆ ಹಚ್ಚಬೇಡಿ. ಅದರಲ್ಲಿ ಪರ್ಮೆತ್ರಿನ್ ಇದ್ದರೆ ಬೆಕ್ಕಿಗೆ ಫಿಟ್ಸ್ ಬಂದು ಸಾಯಬಹುದು.

## ಇಷ್ಟೆಲ್ಲ ಮಾಡಿಯೂ ನಿಲ್ಲದಿದ್ದರೆ

ಆರರಿಂದ ಎಂಟು ವಾರ ಬಿಡದೆ ಮಾಡಿಯೂ ಬದಲಾವಣೆ ಇಲ್ಲದಿದ್ದರೆ, ಅಥವಾ ಬೆಕ್ಕು ಊಟ ಬಿಡುತ್ತಿದ್ದರೆ, ಬಾಗಿಲು ಕೆರೆದು ಉಗುರು ಕಿತ್ತುಕೊಳ್ಳುತ್ತಿದ್ದರೆ, ವಿಡಿಯೊ ಸಮೇತ ವೈದ್ಯರ ಬಳಿ ಹೋಗಿ. ಹತ್ತು ನಿಮಿಷದ ವಿಡಿಯೊ ನಿಮ್ಮ ಅರ್ಧ ಗಂಟೆಯ ವಿವರಣೆಗಿಂತ ಹೆಚ್ಚು ಹೇಳುತ್ತದೆ. ಫ್ಲುಯಾಕ್ಸೆಟಿನ್‌ನಂಥ ಔಷಧಿಗಳನ್ನು ಅವರು ಬರೆಯಬಹುದು. ಅದರ ಪೂರ್ತಿ ಪರಿಣಾಮಕ್ಕೆ ನಾಲ್ಕರಿಂದ ಆರು ವಾರ ಬೇಕು. ಮಧ್ಯದಲ್ಲಿ ನೀವೇ ನಿಲ್ಲಿಸಬೇಡಿ, ನಿಲ್ಲಿಸುವಾಗಲೂ ವೈದ್ಯರು ಹೇಳಿದಂತೆ ಮೆಲ್ಲಗೆ ಇಳಿಸಬೇಕು. ಔಷಧಿ ಕೊಡುತ್ತಿದ್ದರೂ ಮೇಲೆ ಹೇಳಿದ ಕೆಲಸ ಬಿಡುವಂತಿಲ್ಲ.

ಗೋಡೆಯ ಪ್ಲಗ್ಗಿಗೆ ಹಾಕುವ, ಬೆಕ್ಕಿಗೆ ಹಾಯೆನಿಸುವ ಫೆರೊಮೋನ್ ಡಿಫ್ಯೂಸರ್ ಕೆಲವು ಬೆಕ್ಕುಗಳಿಗೆ ಸ್ವಲ್ಪ ಅನುಕೂಲ ಮಾಡಬಹುದು, ಎಲ್ಲಕ್ಕೂ ಅಲ್ಲ. ಅದರ ಬದಲು ನೀಲಗಿರಿ ಎಣ್ಣೆ, ಟೀ ಟ್ರೀ ಎಣ್ಣೆಯನ್ನು ಕೋಣೆಯಲ್ಲಿ ಹರಡಬೇಡಿ, ಬೆಕ್ಕಿಗೆ ಅವು ವಿಷ.

ಜೊತೆಗೆ ಇನ್ನೊಂದು ಬೆಕ್ಕು ತರೋಣವೇ ಅಂತ ಎಲ್ಲರೂ ಕೇಳುತ್ತಾರೆ. ಈ ತೊಂದರೆಗೆ ಮದ್ದಾಗಿ ತರಬೇಡಿ ಅನ್ನುವುದು ನನ್ನ ಅಭಿಪ್ರಾಯ. ನಿಮ್ಮ ಬೆಕ್ಕಿಗೆ ಬೇಕಾದದ್ದು ನೀವು, ಯಾವುದೋ ಬೆಕ್ಕಲ್ಲ. ಎರಡೂ ಹೊಂದಿಕೊಳ್ಳದಿದ್ದರೆ ಹಾಸಿಗೆ ಮೇಲೆ ಉಚ್ಚೆ ಹೊಯ್ಯುವವರು ಇಬ್ಬರಾಗುತ್ತಾರೆ. ಬೇರೆ ಕಾರಣಕ್ಕೆ ತರುವುದಾದರೆ ಮೊದಲ ಕೆಲವು ವಾರ ಬೇರೆ ಕೋಣೆ, ಬೇರೆ ಟ್ರೇ, ಬೇರೆ ತಟ್ಟೆ ಇರಲಿ, ವಾಸನೆಯ ಪರಿಚಯವಾದ ಮೇಲೆ ಮುಖ ತೋರಿಸಿ.

ಮದುವೆ, ಹುತ್ತರಿ ಅಂತ ನಾಲ್ಕು ದಿನ ಊರಿಗೆ ಹೋಗುವವರು ಇಂಥ ಬೆಕ್ಕನ್ನು ಬುಟ್ಟಿಯಲ್ಲಿ ಹಾಕಿಕೊಂಡು ಹೊಸ ಮನೆಗೆ ಒಯ್ಯುವುದಕ್ಕಿಂತ, ಪರಿಚಯದವರು ನಿಮ್ಮ ಮನೆಗೇ ಬಂದು ರಾತ್ರಿ ಉಳಿಯುವುದು ಒಳ್ಳೆಯದು. ಹೊದಿಕೆ ಒಗೆಯದೆ ಬಿಟ್ಟು ಹೋಗಿ. ಊಟದ ಹೊತ್ತು, ಊಟದ ಬ್ರ್ಯಾಂಡ್, ಟ್ರೇಯ ಮರಳು ಯಾವುದನ್ನೂ ಆ ವಾರ ಬದಲಿಸಬೇಡಿ. ದಿನಕ್ಕೆ ಎಷ್ಟು ಸಲ ಉಚ್ಚೆ ಹೊಯ್ದಿದೆ ಅಂತ ಟ್ರೇಯ ಗಡ್ಡೆ ಎಣಿಸಿ ತಿಳಿಸಲು ಅವರಿಗೆ ಹೇಳಿಡಿ. ಗಂಡು ಬೆಕ್ಕಾದರೆ ಗಡ್ಡೆಯೇ ಇಲ್ಲದ ದಿನ ತಕ್ಷಣ ನಿಮಗೂ ವೈದ್ಯರಿಗೂ ಫೋನ್ ಮಾಡಬೇಕು.